ಕೊನೆಯ 20 ಸೆಕೆಂಡು

ಯೂಟ್ಯೂಬ್‌ನಲ್ಲಿ ಅಡುಗೆಯದೋ ಪ್ರವಾಸದ್ದೋ ವಿಡಿಯೋ ನೋಡುತ್ತಿರುತ್ತೀರಿ. ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಒಂದು ದುಂಡನೆಯ ಚಿತ್ರ ಮೂಡುತ್ತದೆ, ಪಕ್ಕದಲ್ಲಿ ಒಂದೆರಡು ಚೌಕ. ದುಂಡನೆಯದನ್ನು ಒತ್ತಿದರೆ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಬಹುದು, ಚೌಕ ಒತ್ತಿದರೆ ಇನ್ನೊಂದು ವಿಡಿಯೋ ತೆರೆಯುತ್ತದೆ. ಇದಕ್ಕೆ ಎಂಡ್ ಸ್ಕ್ರೀನ್ ಎಂದು ಹೆಸರು. ವಿಡಿಯೋ ನಡುವೆ ಬಲಗಡೆ ಮೇಲ್ತುದಿಯಲ್ಲಿ ಒಂದು ಸಾಲಿನ ಪಟ್ಟಿ ಇಣುಕಿ ಮರೆಯಾಗುವುದನ್ನೂ ನೋಡಿರುತ್ತೀರಿ. ಅದು ಇನ್ಫೋ ಕಾರ್ಡ್. ಎರಡನ್ನೂ ಹಾಕುವವರು ಚಾನೆಲ್‌ನವರೇ. ನೋಡುಗರನ್ನು ತಮ್ಮ ಇನ್ನೊಂದು ವಿಡಿಯೋಗೆ ಕರೆದೊಯ್ಯಲು ಯೂಟ್ಯೂಬ್ ಅವರ ಕೈಗೆ ಕೊಟ್ಟಿರುವ ಸಾಧನಗಳಿವು.

ಹಾಕುವುದು ಸುಲಭ, ಎರಡು ನಿಮಿಷದ ಕೆಲಸ. ಆದರೂ ಬಹಳಷ್ಟು ಚಾನೆಲ್‌ಗಳಲ್ಲಿ ಅವುಗಳನ್ನು ಒತ್ತುವವರೇ ಇರುವುದಿಲ್ಲ. ಗುಂಡಿ ಚಿಕ್ಕದಾಯಿತೆಂದೋ ಬಣ್ಣ ಕಾಣಿಸಲಿಲ್ಲವೆಂದೋ ಹೀಗಾಗುವುದಿಲ್ಲ. ಗುಂಡಿ ಕಾಣಿಸಿಕೊಳ್ಳುವ ಹೊತ್ತಿಗೆ ನೋಡುಗರು ಎದ್ದು ಹೋಗಿರುತ್ತಾರೆ.

ಬಣ್ಣದ ಚೀಟಿಗಳ ಕಾಲ

ಈಗಿನ ಎಂಡ್ ಸ್ಕ್ರೀನ್ ಯಾಕೆ ಹೀಗಿದೆ ಎಂದು ತಿಳಿಯಲು ಅದಕ್ಕಿಂತ ಮೊದಲು ಏನಿತ್ತೆಂದು ನೋಡಬೇಕು. 2008ರಲ್ಲಿ ಯೂಟ್ಯೂಬ್ ಅನೋಟೇಶನ್ ಎಂಬ ಸೌಲಭ್ಯ ತಂದಿತು. ವಿಡಿಯೋದ ಯಾವ ಜಾಗದಲ್ಲಾದರೂ, ಯಾವ ಕ್ಷಣದಲ್ಲಾದರೂ ಬಣ್ಣದ ಚೌಕವನ್ನೋ ಮಾತಿನ ಗುಳ್ಳೆಯನ್ನೋ ಅಂಟಿಸಬಹುದಿತ್ತು. ಅದರೊಳಗೆ ಬೇಕಾದ ಮಾತು ಬರೆದು, ಇನ್ನೊಂದು ವಿಡಿಯೋಗೆ ಕೊಂಡಿ ಕೊಡಬಹುದಿತ್ತು.

ಕೆಲವರು ಇದನ್ನು ಕಥೆ ಹೇಳುವುದಕ್ಕೇ ಬಳಸಿಕೊಂಡರು. ಅಮೆರಿಕದ ಚಾಡ್, ಮ್ಯಾಟ್ ಅಂಡ್ ರಾಬ್ ಎಂಬ ಹಾಸ್ಯ ತಂಡ, ಮುಂದೇನಾಗಬೇಕೆಂದು ನೋಡುಗರೇ ಆರಿಸುವಂಥ ಸಾಹಸ ಕಥೆಗಳನ್ನು ಮಾಡಿತು. ಒಂದು ಚೌಕ ಒತ್ತಿದರೆ ಕಥೆ ಒಂದು ದಾರಿ ಹಿಡಿಯುತ್ತಿತ್ತು, ಇನ್ನೊಂದು ಒತ್ತಿದರೆ ಬೇರೆ ದಾರಿ. ಆ ತಂಡದ ಮ್ಯಾಟ್ ಬೆಟಿನೆಲ್ಲಿ-ಓಲ್ಪಿನ್ ಮುಂದೆ 2022ರ ‘ಸ್ಕ್ರೀಮ್’ ಸಿನಿಮಾದ ನಿರ್ದೇಶಕರಲ್ಲಿ ಒಬ್ಬರಾದರು.

ಹೀಗೆ ಬಳಸಿಕೊಂಡವರು ಕಡಿಮೆ. ಹೆಚ್ಚಿನ ಕಡೆ ಪರದೆ ತುಂಬ ಚೀಟಿ ಅಂಟಿಸಿದ ಗೋಡೆಯಂತೆ ಕಾಣುತ್ತಿತ್ತು, ನೋಡುಗರು ಬೇಸತ್ತು ಅನೋಟೇಶನ್‌ಗಳನ್ನೇ ಬಂದ್ ಮಾಡಿಡುತ್ತಿದ್ದರು. ಅದಕ್ಕಿಂತ ದೊಡ್ಡ ತೊಂದರೆ, ಅವು ಮೊಬೈಲ್‌ನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಜನ ಯೂಟ್ಯೂಬ್ ನೋಡುವ ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೊಬೈಲ್‌ಗೆ ಹೋದ ಮೇಲೆ ಅನೋಟೇಶನ್ ಉಳಿಯುವ ಹಾಗಿರಲಿಲ್ಲ. ಅದರ ಜಾಗಕ್ಕೆ 2015ರಲ್ಲಿ ಕಾರ್ಡ್‌ಗಳು ಬಂದವು, 2016ರ ಕೊನೆಯಲ್ಲಿ ಎಂಡ್ ಸ್ಕ್ರೀನ್ ಬಂತು. 2017ರ ಮೇ ತಿಂಗಳಿಂದ ಹೊಸ ಅನೋಟೇಶನ್ ಹಾಕುವುದು ನಿಂತಿತು. 2019ರ ಜನವರಿ 15ರಿಂದ ಹಳೆಯವೂ ಕಾಣದಾದವು. ಆ ಸಾಹಸ ಕಥೆಗಳ ವಿಡಿಯೋಗಳು ಉಳಿದರೂ ಅವುಗಳನ್ನು ಜೋಡಿಸಿದ್ದ ಬಾಗಿಲುಗಳು ಮುಚ್ಚಿಹೋದವು.

ಹೊಸ ವ್ಯವಸ್ಥೆಯಲ್ಲಿ ಸ್ವಾತಂತ್ರ್ಯ ಕಡಿಮೆ, ಶಿಸ್ತು ಹೆಚ್ಚು. ಎಂಡ್ ಸ್ಕ್ರೀನ್ ವಿಡಿಯೋದ ಕೊನೆಯ ಭಾಗದಲ್ಲಿ ಮಾತ್ರ ಬರುತ್ತದೆ, ಕನಿಷ್ಠ 5 ಸೆಕೆಂಡು, ಗರಿಷ್ಠ 20 ಸೆಕೆಂಡು. ವಿಡಿಯೋ ಕನಿಷ್ಠ 25 ಸೆಕೆಂಡಿನದಾದರೂ ಇರಬೇಕು. ಸಾಮಾನ್ಯ ಅಡ್ಡ ವಿಡಿಯೋದಲ್ಲಿ ಹೆಚ್ಚೆಂದರೆ ನಾಲ್ಕು ಗುಂಡಿ ಇಡಬಹುದು. ವಿಡಿಯೋ, ಪ್ಲೇಲಿಸ್ಟ್, ಸಬ್‌ಸ್ಕ್ರೈಬ್, ಬೇರೆ ಚಾನೆಲ್, ಹೊರಗಿನ ವೆಬ್‌ಸೈಟ್ ಇವೇ ಆಯ್ಕೆಗಳು. ಅದರಲ್ಲೂ ವೆಬ್‌ಸೈಟ್ ಕೊಂಡಿ ಯೂಟ್ಯೂಬ್‌ನ ಪಾಲುದಾರ ಯೋಜನೆಗೆ ಸೇರಿದ ಚಾನೆಲ್‌ಗಳಿಗೆ ಮಾತ್ರ. ಕಾರ್ಡ್‌ಗಳನ್ನು ವಿಡಿಯೋದ ಬೇರೆಬೇರೆ ಕ್ಷಣಗಳಲ್ಲಿ ಒಟ್ಟು ಐದರವರೆಗೆ ಇಡಬಹುದು. ಆದರೆ ಎಂಡ್ ಸ್ಕ್ರೀನ್ ಇರುವಷ್ಟು ಹೊತ್ತು ಕಾರ್ಡ್ ಇಣುಕುವುದಿಲ್ಲ, ಹಾಗಾಗಿ ಕೊನೆಯ 20 ಸೆಕೆಂಡಿನಲ್ಲಿ ಕಾರ್ಡ್ ಇಟ್ಟು ಪ್ರಯೋಜನವಿಲ್ಲ.

ಬಿಸಿಬೇಳೆ ಬಾತ್ ಮುಗಿದ ಮೇಲೆ

ಒಂದು ಅಡುಗೆ ಚಾನೆಲ್ ಎಂದುಕೊಳ್ಳೋಣ. ಬಿಸಿಬೇಳೆ ಬಾತ್ ಮಾಡುವ 9 ನಿಮಿಷದ ವಿಡಿಯೋ. ಎಂಟನೇ ನಿಮಿಷದ ಹೊತ್ತಿಗೆ ಒಗ್ಗರಣೆ ಬಿದ್ದು, ತುಪ್ಪ ಹಾಕಿ, ತಟ್ಟೆಗೆ ಬಡಿಸಿಯಾಯಿತು. 8:15ಕ್ಕೆ ಒಂದು ತುತ್ತು ತಿಂದು ರುಚಿ ಹೇಳಿದರು. 8:30ಕ್ಕೆ, “ಇವತ್ತಿನ ವಿಡಿಯೋ ಇಷ್ಟ ಆಗಿದ್ರೆ ಲೈಕ್ ಮಾಡಿ, ಶೇರ್ ಮಾಡಿ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಸಬ್‌ಸ್ಕ್ರೈಬ್ ಆಗಿ, ಮುಂದಿನ ವಿಡಿಯೋದಲ್ಲಿ ಸಿಗೋಣ, ಧನ್ಯವಾದಗಳು.” 8:40ರಿಂದ 9:00ರವರೆಗೆ ಹಿನ್ನೆಲೆ ಸಂಗೀತ, ಬಣ್ಣದ ಪರದೆ, ಅದರ ಮೇಲೆ ನಾಲ್ಕು ಗುಂಡಿ.

ಯಾರು ಎಲ್ಲಿಯವರೆಗೆ ನೋಡಿದರು ಎನ್ನುವ ಗೆರೆಯನ್ನು ಯೂಟ್ಯೂಬ್ ಸ್ಟುಡಿಯೋ ಪ್ರತಿ ವಿಡಿಯೋಗೂ ತೋರಿಸುತ್ತದೆ. ಇಂಥ ವಿಡಿಯೋದಲ್ಲಿ ಆ ಗೆರೆ ನಿಧಾನವಾಗಿ ಇಳಿಯುತ್ತಾ ಬಂದು, 8:30ರ ಹತ್ತಿರ ಕಡಿದುಬಿದ್ದಂತೆ ಕೆಳಗಿಳಿಯುತ್ತದೆ. ‘ಇಷ್ಟ ಆಗಿದ್ರೆ’ ಎನ್ನುವ ಮಾತು ಶುರುವಾಯಿತೆಂದರೆ ವಿಡಿಯೋ ಮುಗಿಯಿತೆಂದೇ ನೋಡುಗರಿಗೆ ಅರ್ಥ. ಅಡುಗೆ ಗೊತ್ತಾಗಿದೆ, ಇನ್ನು ಇರುವುದು ಔಪಚಾರಿಕ ಮಾತು. ಗುಂಡಿಗಳು ಬರುವುದು ಅದಾದ 10 ಸೆಕೆಂಡಿನ ಮೇಲೆ. ಅಷ್ಟರಲ್ಲಿ ಹೆಚ್ಚಿನವರು ಹೊರಟಿರುತ್ತಾರೆ.

ಇದೇ ವಿಡಿಯೋವನ್ನು ಬೇರೆ ರೀತಿ ಮುಗಿಸಬಹುದು. ಬಿಸಿಬೇಳೆ ಬಾತ್ ಬಡಿಸಿದ ತಟ್ಟೆ ನೋಡಿದವರಿಗೆ ಮುಂದೆ ಏನು ಬೇಕಾಗುತ್ತದೆ ಎಂದು ಮೊದಲು ಯೋಚಿಸಬೇಕು. ಬಾತ್‌ನ ಮೇಲೆ ಖಾರಾ ಬೂಂದಿ ಬೇಕು. ಚಾನೆಲ್‌ನಲ್ಲಿ ಖಾರಾ ಬೂಂದಿಯ ವಿಡಿಯೋ ಈಗಾಗಲೇ ಇದ್ದರೆ, ಕೊನೆಯ ಮಾತನ್ನು ಅಲ್ಲಿಗೇ ತಿರುಗಿಸಬಹುದು. ಸಬ್‌ಸ್ಕ್ರೈಬ್ ಆಗಿ ಎನ್ನುವ ಮಾತು ಬೇಕಿದ್ದರೆ ವಿಡಿಯೋ ನಡುವೆ, ಕುಕ್ಕರ್ ಕೂಗುವುದನ್ನು ಕಾಯುವ ಹೊತ್ತಿನಲ್ಲಿ ಬಂದುಹೋಗಲಿ. 8:40ಕ್ಕೆ ತಟ್ಟೆ ಪರದೆಯ ಎಡಗಡೆ ಇರುತ್ತದೆ, ಬಲಗಡೆ ಖಾಲಿ ಮೇಜು. ಬೂಂದಿ ಉದುರಿಸುತ್ತಾ ಅವರು ಹೇಳುತ್ತಾರೆ: “ಬೂಂದಿ ಅಂಗಡಿಯಿಂದ ತಂದಿದ್ದನ್ನೇ ಹಾಕ್ಬಹುದು. ಆದ್ರೆ ಮನೇಲಿ ಮಾಡ್ದಾಗ ಕಾಳು ಮೆತ್ತಗಾಗುತ್ತೆ ಅಂತ ತುಂಬ ಜನ ಬಿಟ್ಬಿಡ್ತಾರೆ. ಅದು ಹಿಟ್ಟಿನ ಹದದ ತಪ್ಪು. ಆ ಹದ ಹೇಗಿರ್ಬೇಕು ಅಂತ ಇಲ್ಲಿ ತೋರ್ಸಿದೀನಿ.” ‘ಇಲ್ಲಿ’ ಎನ್ನುವ ಹೊತ್ತಿಗೆ ಬಲಗಡೆಯ ಖಾಲಿ ಜಾಗದಲ್ಲಿ ಬೂಂದಿಯ ವಿಡಿಯೋ ಇರುತ್ತದೆ. ಮಾತು ಮುಗಿದು ನಾಲ್ಕೈದು ಸೆಕೆಂಡಿಗೆ ವಿಡಿಯೋನೂ ಮುಗಿಯುತ್ತದೆ.

ಇಲ್ಲಿ ವಿಡಿಯೋ ಮುಗಿಯಿತು ಎಂಬ ಸೂಚನೆಯೇ ನೋಡುಗರಿಗೆ ಸಿಕ್ಕಿಲ್ಲ. ಗುಂಡಿ ಬಂದಾಗಲೂ ತಟ್ಟೆ ಪರದೆಯ ಮೇಲಿದೆ, ಕೇಳಬೇಕೆನಿಸುವ ಮಾತು ನಡೆದಿದೆ. ಕಾಳು ಯಾಕೆ ಮೆತ್ತಗಾಗುತ್ತದೆ ಎಂಬ ಪ್ರಶ್ನೆ ಕೇಳುಗರ ತಲೆಯಲ್ಲಿ ಉಳಿದಿದೆ, ಅದಕ್ಕೆ ಉತ್ತರ ಇರುವ ಜಾಗವೂ ಕಣ್ಣೆದುರು ಇದೆ.

ಇದಕ್ಕೆ ಚಿತ್ರೀಕರಣದ ಹೊತ್ತಿನಲ್ಲೇ ತಯಾರಾಗಬೇಕು. ಎಂಡ್ ಸ್ಕ್ರೀನ್‌ನ ವಿಡಿಯೋ ಚೌಕ ದೊಡ್ಡದಾಗಿ ಇಟ್ಟರೆ ಪರದೆಯ ಅಗಲದಲ್ಲಿ ಸುಮಾರು ಮೂರನೇ ಒಂದು ಭಾಗ ಹಿಡಿಯುತ್ತದೆ. ಅಷ್ಟು ಜಾಗ ಖಾಲಿ ಇರುವಂತೆ ಕ್ಯಾಮೆರಾ ಇಟ್ಟು ಕೊನೆಯ ಶಾಟ್ ತೆಗೆಯದಿದ್ದರೆ ಚೌಕ ಮುಖದ ಮೇಲೋ ತಟ್ಟೆಯ ಮೇಲೋ ಕೂರುತ್ತದೆ. ಇಂಥ ತಪ್ಪು ಎಷ್ಟೋ ವಿಡಿಯೋಗಳಲ್ಲಿ ಕಾಣುತ್ತದೆ. ಅಳತೆಗಳ ಪಟ್ಟಿಯನ್ನು ಕೊನೆಯಲ್ಲಿ ಹಾಕಿ, ಅದರ ಮೇಲೇ ಎರಡು ಚೌಕ ಕೂರಿಸಿದವರೂ ಇದ್ದಾರೆ. ಎಷ್ಟು ಕಪ್ ಅಕ್ಕಿಗೆ ಎಷ್ಟು ಬೇಳೆ ಎಂದು ಓದಲು ಬಂದವರಿಗೆ ಆಗ ಸಿಟ್ಟೇ ಬರುತ್ತದೆ.

ಯಾವ ವಿಡಿಯೋ ತೋರಿಸಬೇಕು

ವಿಡಿಯೋ ಚೌಕ ಹಾಕುವಾಗ ಸ್ಟುಡಿಯೋ ಮೂರು ಆಯ್ಕೆ ಕೊಡುತ್ತದೆ. Most recent upload ಎಂದು ಆರಿಸಿದರೆ ನೋಡುವ ದಿನ ಚಾನೆಲ್‌ಗೆ ಯಾವುದು ಹೊಸದೋ ಅದು ಬರುತ್ತದೆ. Best for viewer ಆರಿಸಿದರೆ ಆಯಾ ನೋಡುಗರ ಅಭಿರುಚಿ ನೋಡಿಕೊಂಡು ಯೂಟ್ಯೂಬ್ ತಾನೇ ಚಾನೆಲ್‌ನ ಒಂದು ವಿಡಿಯೋ ಆರಿಸುತ್ತದೆ. ಮೂರನೆಯದು, ಚಾನೆಲ್‌ನವರೇ ನಿರ್ದಿಷ್ಟ ವಿಡಿಯೋ ಸೂಚಿಸುವುದು.

ಬೂಂದಿಯ ಮಾತಾಡಿದ ಮೇಲೆ ಬೂಂದಿಯದೇ ಬರಬೇಕು, ಅಲ್ಲಿ ಮೂರನೆಯದೇ ಸರಿ. ಪಕ್ಕದಲ್ಲಿ ಎರಡನೆಯ ಚೌಕ ಇಡುವುದಿದ್ದರೆ Best for viewer ಇಡುವುದು ಲೇಸು. ಬೂಂದಿ ಬೇಡವಾದವರಿಗೆ ಅವರವರ ರುಚಿಗೆ ತಕ್ಕದ್ದು ಸಿಗುತ್ತದೆ. ಹೊಸ ವಿಡಿಯೋ ತೋರಿಸುವ ಆಯ್ಕೆ ಸುದ್ದಿ, ಧಾರಾವಾಹಿಯಂಥ ಚಾನೆಲ್‌ಗಳಿಗೆ ಒಗ್ಗುತ್ತದೆ. ಮೂರು ವರ್ಷದ ಹಿಂದಿನ ಬಿಸಿಬೇಳೆ ಬಾತ್ ವಿಡಿಯೋ ಕೊನೆಯಲ್ಲಿ ಚಾನೆಲ್‌ನ ನಿನ್ನೆಯ ಮಿಕ್ಸರ್ ಗ್ರೈಂಡರ್ ವಿಮರ್ಶೆ ಬಂದರೆ ಅಡುಗೆ ಹುಡುಕಿಕೊಂಡು ಬಂದವರಿಗೆ ಅದರಿಂದ ಏನೂ ಆಗುವುದಿಲ್ಲ.

ನಾಲ್ಕು ಗುಂಡಿಗೆ ಅವಕಾಶವಿದೆ ಎಂದು ನಾಲ್ಕನ್ನೂ ಇಡಬೇಕಾಗಿಲ್ಲ. 10-15 ಸೆಕೆಂಡಿನಲ್ಲಿ ನಾಲ್ಕು ಶೀರ್ಷಿಕೆ ಓದಿ, ಹೋಲಿಸಿ, ಒಂದನ್ನು ಆರಿಸುವ ಹೊತ್ತಿಗೆ ವಿಡಿಯೋ ಮುಗಿದಿರುತ್ತದೆ. ಮಾತಿನಲ್ಲಿ ಸೂಚಿಸಿದ ಒಂದು ವಿಡಿಯೋ, ಅದರ ಜೊತೆಗೆ ಸಬ್‌ಸ್ಕ್ರೈಬ್ ಗುಂಡಿ, ಬೇಕಿದ್ದರೆ ಇನ್ನೊಂದು ವಿಡಿಯೋ ಇದ್ದರೆ ಸಾಕು. ಎಲ್ಲವೂ ಒಟ್ಟಿಗೇ ಮೂಡಬೇಕೆಂದೂ ಇಲ್ಲ. ಪ್ರತಿ ಗುಂಡಿಯ ಆರಂಭದ ಕ್ಷಣವನ್ನು ಬೇರೆಯಾಗಿ ಹೊಂದಿಸಬಹುದು. ಬೂಂದಿಯ ಹೆಸರು ಹೇಳಿದಾಗ ಬೂಂದಿ ಮೊದಲು ಬಂದು, ಸಬ್‌ಸ್ಕ್ರೈಬ್ ಗುಂಡಿ ನಾಲ್ಕು ಸೆಕೆಂಡು ಬಿಟ್ಟು ಬರಲಿ.

ಕಾರ್ಡ್‌ನ ಲೆಕ್ಕ ಬೇರೆ. ಅದು ವಿಡಿಯೋ ನಡೆಯುತ್ತಿರುವಾಗಲೇ ನೋಡುಗರನ್ನು ಹೊರಗೆ ಕರೆಯುತ್ತದೆ, ಒತ್ತಿ ಹೋದವರು ಈ ವಿಡಿಯೋಗೆ ಮರಳಿ ಬರುತ್ತಾರೆಂಬ ಖಾತ್ರಿಯಿಲ್ಲ. ಹಾಗಾಗಿ ಕಾರ್ಡ್ ಇಡಬೇಕಾದದ್ದು, ಅದಿಲ್ಲದೆ ಈ ವಿಡಿಯೋ ಮುಂದೆ ನೋಡಿ ಪ್ರಯೋಜನವಿಲ್ಲ ಎನ್ನುವಂಥ ಕಡೆ. ನಮ್ಮ ಉದಾಹರಣೆಯಲ್ಲಿ 2:10ಕ್ಕೆ, “ಎರಡು ಚಮಚ ಬಿಸಿಬೇಳೆ ಬಾತ್ ಪುಡಿ” ಎಂದು ಹೇಳುವ ಹೊತ್ತು ಅಂಥದ್ದು. ಪುಡಿ ಇಲ್ಲದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಕ್ಷಣಕ್ಕೆ ಪುಡಿ ಮಾಡುವ ವಿಡಿಯೋದ ಕಾರ್ಡ್ ಇಣುಕಿದರೆ ಅದು ಉಪಕಾರ. ಇಣುಕುವ ಪಟ್ಟಿಯಲ್ಲಿ 30 ಅಕ್ಷರಗಳ ಮಿತಿಯೊಳಗೆ ನಮ್ಮದೇ ಮಾತು ಬರೆಯಬಹುದು. ‘ಇದನ್ನೂ ನೋಡಿ’ ಎನ್ನುವುದಕ್ಕಿಂತ ‘ಪುಡಿ ಮಾಡುವ ಕ್ರಮ’ ಎಂದರೆ ಏನಿದೆ ಎಂದು ಗೊತ್ತಾಗುತ್ತದೆ. ಮೊದಲ ಅರ್ಧ ನಿಮಿಷದಲ್ಲೇ ಕಾರ್ಡ್ ಇಡುವವರು ಮಾತ್ರ ಈಗಷ್ಟೇ ಒಳಗೆ ಬಂದವರನ್ನು ತಾವೇ ಹೊರಗೆ ಕಳಿಸಿದಂತಾಗುತ್ತದೆ.

ಶೇಕಡಾ ಲೆಕ್ಕದ ಮೋಸ

ಎಂಡ್ ಸ್ಕ್ರೀನ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಸ್ಟುಡಿಯೋದಲ್ಲಿ ಒಂದು ಅಂಕಿ ಸಿಗುತ್ತದೆ. ಗುಂಡಿಗಳು ಒಟ್ಟು ಎಷ್ಟು ಸಲ ಕಾಣಿಸಿಕೊಂಡವು, ಅದರಲ್ಲಿ ಎಷ್ಟು ಸಲ ಒತ್ತಲ್ಪಟ್ಟವು ಎನ್ನುವ ಶೇಕಡಾವಾರು. ಇದನ್ನೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಹೇಗೆಂದು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ.

ವಿಡಿಯೋವನ್ನು 10,000 ಜನ ನೋಡಿದರು, ಕೊನೆಯ 20 ಸೆಕೆಂಡಿನವರೆಗೆ ಉಳಿದವರು 1,500. ಪರದೆಯ ಮೇಲೆ ನಾಲ್ಕು ಗುಂಡಿ ಇದ್ದುದರಿಂದ ಗುಂಡಿಗಳು ಕಾಣಿಸಿಕೊಂಡದ್ದು 6,000 ಸಲ. 60 ಜನ ಒತ್ತಿದರು. ಶೇಕಡಾ 1.

ಚಾನೆಲ್‌ನವರು ಎರಡು ಗುಂಡಿ ತೆಗೆದುಹಾಕಿದರು, ಬೇರೇನೂ ಬದಲಿಸಲಿಲ್ಲ. ಮುಂದಿನ ವಿಡಿಯೋದಲ್ಲೂ ಅಷ್ಟೇ ಜನ ಉಳಿದರು, ಅದೇ 60 ಜನ ಒತ್ತಿದರು. ಈಗ ಗುಂಡಿಗಳು ಕಾಣಿಸಿಕೊಂಡದ್ದು 3,000 ಸಲ, ಶೇಕಡಾ 2. ಅಂಕಿ ಎರಡು ಪಟ್ಟಾಯಿತು, ಒಬ್ಬರೂ ಹೆಚ್ಚಾಗಿ ಒತ್ತಿಲ್ಲ.

ಮೂರನೆಯ ವಿಡಿಯೋದಲ್ಲಿ ಕೊನೆಯ ಮಾತನ್ನು ಬದಲಿಸಿದರು, ಬೂಂದಿಯ ದಾರಿಯಲ್ಲಿ ಹೋದರು. 3,000 ಜನ ಉಳಿದರು. ಎರಡೇ ಗುಂಡಿ, ಕಾಣಿಸಿಕೊಂಡದ್ದು 6,000 ಸಲ, ಒತ್ತಿದವರು 120. ಶೇಕಡಾ ಈಗಲೂ 2. ಆದರೆ ಮುಂದಿನ ವಿಡಿಯೋಗೆ ಹೋದವರು ಎರಡು ಪಟ್ಟು.

ಆದ್ದರಿಂದ ನೋಡಬೇಕಾದ ಮೊದಲ ಅಂಕಿ, ಎಂಡ್ ಸ್ಕ್ರೀನ್ ಬರುವ ಕ್ಷಣದಲ್ಲಿ ಎಷ್ಟು ಜನ ಉಳಿದಿದ್ದರು ಎನ್ನುವುದು. ಎರಡನೆಯದು ಒಟ್ಟು ಒತ್ತಿದವರ ಸಂಖ್ಯೆ. ಉಳಿದವರೇ ಕಡಿಮೆ ಇದ್ದರೆ ತಪ್ಪು ಕೊನೆಯ ಮಾತಿನಲ್ಲಿದೆ, ಗುಂಡಿಯ ಜಾಗ ಬದಲಿಸಿ ಫಲವಿಲ್ಲ. ಸಾಕಷ್ಟು ಜನ ಉಳಿದೂ ಯಾರೂ ಒತ್ತುತ್ತಿಲ್ಲವಾದರೆ ತೋರಿಸಿದ ವಿಡಿಯೋ ಅವರಿಗೆ ಬೇಕಾದದ್ದಲ್ಲ ಎಂದರ್ಥ. ಒತ್ತಿ ಹೋದವರು ಆ ವಿಡಿಯೋವನ್ನು ಎಷ್ಟು ಹೊತ್ತು ನೋಡಿದರು ಎನ್ನುವುದೂ ಸಿಗುತ್ತದೆ. ಬೂಂದಿ ವಿಡಿಯೋದ ಅಂಕಿಅಂಶ ತೆರೆದು, ನೋಡುಗರು ಎಲ್ಲಿಂದ ಬಂದರು ಎನ್ನುವ ಪಟ್ಟಿಯಲ್ಲಿ End screens ಎಂಬ ಸಾಲು ನೋಡಬೇಕು. ಹಾಗೆ ಬಂದವರು ಅರ್ಧ ನಿಮಿಷಕ್ಕೇ ಹೊರಟಿದ್ದರೆ, ಹೇಳಿದ ಹದದ ಗುಟ್ಟು ಅಲ್ಲಿ ಬೇಗ ಸಿಗುತ್ತಿಲ್ಲ.

ಗುಂಡಿ ಕಾಣದ ಕಡೆಗಳು

ಎಂಡ್ ಸ್ಕ್ರೀನ್ ಎಲ್ಲ ಕಡೆಯೂ ಬರುವುದಿಲ್ಲ ಎನ್ನುವುದನ್ನು ಹಲವರು ಮರೆಯುತ್ತಾರೆ. ಉದ್ದುದ್ದ ನಿಂತ ಶಾರ್ಟ್ಸ್‌ಗಳಲ್ಲಿ ಇವೆರಡೂ ಇಲ್ಲ. 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗಿನ ಉದ್ದನೆಯ ಅಥವಾ ಚೌಕಾಕಾರದ ಹೊಸ ವಿಡಿಯೋಗಳೂ ಶಾರ್ಟ್ಸ್ ಎಂದೇ ಲೆಕ್ಕ. ಅಲ್ಲಿ ತಮ್ಮದೇ ಒಂದು ದೊಡ್ಡ ವಿಡಿಯೋವನ್ನು ಸಂಬಂಧಿತ ವಿಡಿಯೋ ಎಂದು ಜೋಡಿಸಬಹುದು, ಅಷ್ಟೇ.

ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತು ಹಾಕಿದ ವಿಡಿಯೋಗಳಲ್ಲೂ ಕಾರ್ಡ್ ಮತ್ತು ಎಂಡ್ ಸ್ಕ್ರೀನ್ ಎರಡೂ ಇಲ್ಲ. ಇದರ ಹಿಂದೆ ಅಮೆರಿಕದ ಒಂದು ಪ್ರಕರಣವಿದೆ. ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿತೆಂಬ ಆರೋಪದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯದೊಂದಿಗೆ ಗೂಗಲ್ 2019ರ ಸೆಪ್ಟೆಂಬರ್‌ನಲ್ಲಿ 17 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದರಂತೆ 2020ರ ಜನವರಿಯಿಂದ ಜಗತ್ತಿನೆಲ್ಲೆಡೆ ಮಕ್ಕಳ ವಿಡಿಯೋಗಳ ಮೇಲೆ ನಿರ್ಬಂಧ ಬಂತು. ಕನ್ನಡದಲ್ಲಿ ಶಿಶುಗೀತೆ, ಪಂಚತಂತ್ರದ ಕಥೆಗಳನ್ನು ಹಾಕುವ ಚಾನೆಲ್‌ಗಳಿಗೂ ಇದೇ ನಿಯಮ. ಅವುಗಳ ಕಾಮೆಂಟ್ ಜಾಗ ಕೂಡ ಮುಚ್ಚಿರುವುದು ಇದೇ ಕಾರಣಕ್ಕೆ.

2025ರ ಅಕ್ಟೋಬರ್‌ನಲ್ಲಿ ನೋಡುಗರ ಕೈಗೂ ಒಂದು ಗುಂಡಿ ಬಂತು. ಎಂಡ್ ಸ್ಕ್ರೀನ್ ಬಂದಾಗ Hide ಒತ್ತಿದರೆ ಆ ವಿಡಿಯೋದ ಚೌಕಗಳು ಮರೆಯಾಗುತ್ತವೆ, ಬೇಕೆಂದರೆ ಮತ್ತೆ ತರಿಸಬಹುದು. ಕೊನೆಯ ದೃಶ್ಯವನ್ನು ನೆಮ್ಮದಿಯಿಂದ ನೋಡಬೇಕು ಎಂಬ ಬಹುಕಾಲದ ದೂರಿಗೆ ಇದು ಉತ್ತರ. ಪ್ರಯೋಗದ ಹೊತ್ತಿನಲ್ಲಿ ಎಂಡ್ ಸ್ಕ್ರೀನ್ ಮೂಲಕ ಬರುವ ವ್ಯೂಸ್ ಶೇಕಡಾ 1.5ಕ್ಕಿಂತ ಕಡಿಮೆ ಇಳಿಯಿತೆಂದು ಯೂಟ್ಯೂಬ್ ಹೇಳಿದೆ. ಅದೇ ಸಮಯದಲ್ಲಿ, ಕಂಪ್ಯೂಟರ್‌ನಲ್ಲಿ ವಿಡಿಯೋ ಮೂಲೆಯ ಚಾನೆಲ್ ಗುರುತಿನ ಮೇಲೆ ಮೌಸ್ ಇಟ್ಟಾಗ ಮೂಡುತ್ತಿದ್ದ ಸಬ್‌ಸ್ಕ್ರೈಬ್ ಗುಂಡಿಯನ್ನು ತೆಗೆದುಹಾಕಿತು. ಸಂಸ್ಥೆಯ ಪ್ರಕಾರ ಒಟ್ಟು ಸಬ್‌ಸ್ಕ್ರಿಪ್ಷನ್‌ಗಳಲ್ಲಿ ಅಲ್ಲಿಂದ ಬರುತ್ತಿದ್ದದ್ದು ಶೇಕಡಾ 0.05 ಮಾತ್ರ.

Hide ಗುಂಡಿಯಿಂದ ಇನ್ನೊಂದು ತಪ್ಪು ಎದ್ದು ಕಾಣತೊಡಗಿದೆ. ಹಲವರು ಎಡಿಟಿಂಗ್ ಮಾಡುವಾಗಲೇ ಎರಡು ಖಾಲಿ ಚೌಕ, ಬಾಣದ ಗುರುತು, ‘ಇಲ್ಲಿ ಒತ್ತಿ’ ಎಂಬ ಅಕ್ಷರಗಳನ್ನು ವಿಡಿಯೋದೊಳಗೇ ಸೇರಿಸಿ, ಅದರ ಮೇಲೆ ಎಂಡ್ ಸ್ಕ್ರೀನ್ ಕೂರಿಸುತ್ತಾರೆ. ನೋಡುಗರು ಮರೆಮಾಡಿದರೆ, ಅಥವಾ ಅದೇ ಫೈಲ್ ವಾಟ್ಸಾಪ್‌ನಲ್ಲಿ ಬಂದರೆ, ಉಳಿಯುವುದು ಏನೂ ಇಲ್ಲದ ಚೌಕ ಮತ್ತು ಅದನ್ನು ತೋರಿಸುವ ಬಾಣ. ಮೇಜಿನ ಮೇಲೆ ತಟ್ಟೆ ಒಂದು ಕಡೆ, ಖಾಲಿ ಜಾಗ ಇನ್ನೊಂದು ಕಡೆ ಇರುವ ಮಾಮೂಲಿ ಶಾಟ್‌ಗೆ ಈ ತೊಂದರೆಯಿಲ್ಲ. ಗುಂಡಿ ಇದ್ದರೂ ಇಲ್ಲದಿದ್ದರೂ ಅದು ಚೆನ್ನಾಗಿಯೇ ಕಾಣುತ್ತದೆ.

ಹಳೆಯ ವಿಡಿಯೋಗಳಿಂದ ಶುರು

ಕಾರ್ಡ್ ಮತ್ತು ಎಂಡ್ ಸ್ಕ್ರೀನ್‌ಗಳನ್ನು ಬದಲಿಸಲು ವಿಡಿಯೋವನ್ನು ಮತ್ತೆ ಅಪ್‌ಲೋಡ್ ಮಾಡಬೇಕಾಗಿಲ್ಲ. ವ್ಯೂಸ್ ಲೆಕ್ಕವೂ ಹಾಗೇ ಉಳಿಯುತ್ತದೆ. ಹಾಗಾಗಿ ಕೆಲಸ ಶುರುಮಾಡಬೇಕಾದದ್ದು ಈಗಲೂ ಹೆಚ್ಚು ಜನ ನೋಡುತ್ತಿರುವ ಹಳೆಯ ವಿಡಿಯೋಗಳಿಂದ. ಕಳೆದ 28 ದಿನಗಳಲ್ಲಿ ಹೆಚ್ಚು ವ್ಯೂಸ್ ಬಂದ ಐದನ್ನು ಸ್ಟುಡಿಯೋದಲ್ಲಿ ತೆರೆದು, ಪ್ರತಿಯೊಂದರ ಕೊನೆಯ ಒಂದು ನಿಮಿಷವನ್ನು ಮೊಬೈಲ್‌ನಲ್ಲಿ ನೋಡಬೇಕು. ಕೊಂಡಿ ಕೊಟ್ಟ ವಿಡಿಯೋ ಈಗಲೂ ಇದೆಯೇ, ವಿಷಯಕ್ಕೆ ಹೊಂದುತ್ತದೆಯೇ, ಚೌಕ ಮುಖ ಮುಚ್ಚುತ್ತಿದೆಯೇ ಎಂದು ಅಲ್ಲಿ ತಿಳಿಯುತ್ತದೆ. ಹಳೆಯ ವಿಡಿಯೋದಲ್ಲಿ ಕೊನೆಯ ಮಾತು ಬದಲಿಸಲಾಗದಿದ್ದರೂ ಸ್ಟುಡಿಯೋದ ಎಡಿಟರ್‌ನಲ್ಲಿ ಅದನ್ನು ಕತ್ತರಿಸಬಹುದು. 8:30ರ ‘ಇಷ್ಟ ಆಗಿದ್ರೆ’ ತೆಗೆದು, ರುಚಿ ನೋಡುವ ತುತ್ತಿನ ಮೇಲೇ ಎಂಡ್ ಸ್ಕ್ರೀನ್ ಕೂರಿಸಿ, ಒಂದು ತಿಂಗಳು ಬಿಟ್ಟು ಉಳಿದವರ ಗೆರೆಯನ್ನೂ ಒತ್ತಿದವರ ಸಂಖ್ಯೆಯನ್ನೂ ಮೊದಲಿನದರ ಜೊತೆ ಹೋಲಿಸಿದರೆ, ಮುಂದಿನ ವಿಡಿಯೋದ ಕೊನೆಯ ಶಾಟ್ ಹೇಗೆ ತೆಗೆಯಬೇಕೆಂದು ಗೊತ್ತಾಗುತ್ತದೆ.